ಮಗುವಿನ ಮೊದಲ ಮೊಟ್ಟೆ: ಕಾಲು ಚಮಚದಿಂದ ಅರ್ಧ ಮೊಟ್ಟೆಯವರೆಗೆ

ನಮ್ಮ ದೊಡ್ಡವನಿಗೆ ಏಳನೇ ತಿಂಗಳಿನಿಂದಲೇ ಮೊಟ್ಟೆಯ ಹಳದಿ ತಿನ್ನಿಸುತ್ತಿದ್ದೆ. ಬಿಳಿಭಾಗವನ್ನು ನಾನೇ ತಿಂದು ಮುಗಿಸುತ್ತಿದ್ದೆ. "ಬಿಳಿ ಈಗಲೇ ಬೇಡ, ವರ್ಷ ತುಂಬಲಿ" ಅಂತ ಹೇಳದವರೇ ಇರಲಿಲ್ಲ. ವಾರಕ್ಕೆ ಮೂರು ಸಲ ಹಳದಿ ತಿಂದು ಅರಗಿಸಿಕೊಳ್ಳುತ್ತಿದ್ದಾನಲ್ಲ, ಮೊಟ್ಟೆಯ ಮಟ್ಟಿಗೆ ಇನ್ನೇನೂ ಯೋಚನೆಯಿಲ್ಲ ಅಂದುಕೊಂಡಿದ್ದೆ. ಹನ್ನೊಂದನೇ ತಿಂಗಳಲ್ಲಿ ಒಂದು ದಿನ ನನ್ನ ತಟ್ಟೆಗೆ ಕೈ ಹಾಕಿ ಆಮ್ಲೆಟ್ಟಿನ ಚೂರೊಂದನ್ನು ಬಾಯಿಗಿಟ್ಟುಕೊಂಡ. ಹತ್ತು ನಿಮಿಷದೊಳಗೆ ಗಲ್ಲ, ಕುತ್ತಿಗೆ, ಕಿವಿಯ ಹಿಂದೆಲ್ಲ ಸೊಳ್ಳೆ ಕಚ್ಚಿದಂಥ ದಪ್ಪ ಗಂಧೆ ಎದ್ದವು. ಒಂದು ಕಣ್ಣು ಊದಿ ಅರ್ಧ ಮುಚ್ಚಿತು.

ಡಾಕ್ಟರು ನೋಡಿ ಹೇಳಿದ್ದು ಇಷ್ಟು: "ಇವನು ಇಷ್ಟು ದಿನ ತಿಂದಿದ್ದು ಮೊಟ್ಟೆಯ ಸುಲಭದ ಭಾಗ. ಅಲರ್ಜಿ ಮಾಡೋ ಪ್ರೋಟೀನು ಹೆಚ್ಚಾಗಿ ಇರೋದು ಬಿಳಿಯಲ್ಲಿ. ಅದರ ಪರಿಚಯವೇ ಇವನಿಗೆ ಆಗಿರಲಿಲ್ಲ."

ಎರಡನೆಯವಳು ಹುಟ್ಟಿದಾಗ ಕ್ರಮವನ್ನೇ ಬದಲಿಸಿದೆವು. ಹಳದಿ ಮೊದಲು, ಬಿಳಿ ಆಮೇಲೆ ಅನ್ನುವ ಲೆಕ್ಕ ಬಿಟ್ಟು, ಎರಡನ್ನೂ ಗಟ್ಟಿಯಾಗಿ ಬೇಯಿಸಿ, ಒಟ್ಟಿಗೆ ಕಲಸಿ, ಕಾಲು ಚಮಚದಿಂದ ಶುರು ಮಾಡಿದೆವು. ಆ ಕ್ರಮವನ್ನು ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ತಡ ಮಾಡುವುದರಿಂದ ಲಾಭವಿಲ್ಲ ಏಕೆ

ತಡವಾಗಿ ಕೊಡಿ ಅನ್ನುವ ಮಾತು ಎಲ್ಲಿಂದಲೋ ಹುಟ್ಟಿದ್ದಲ್ಲ, ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದದ್ದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಎರಡು ವರ್ಷವಾಗುವವರೆಗೆ ಮೊಟ್ಟೆ ಬೇಡ ಎಂದಿತ್ತು. ತಡ ಮಾಡಿದರೆ ಅಲರ್ಜಿ ತಪ್ಪುತ್ತದೆ ಎನ್ನಲು ಆಧಾರ ಸಿಗದೆ 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಸಂಘ ಕೈಬಿಟ್ಟರೂ ಮಾತು ಮಾತ್ರ ಮನೆಮನೆಗಳಲ್ಲಿ ಉಳಿದುಕೊಂಡಿದೆ.

ಆಮೇಲೆ ಬಂದ ಅಧ್ಯಯನಗಳು ಇನ್ನೂ ಮುಂದೆ ಹೋದವು. ಜಪಾನಿನಲ್ಲಿ ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ, ಇದ್ದ ಕೂಸುಗಳಿಗೆ ಆರನೇ ತಿಂಗಳಿನಿಂದ ದಿನವೂ ಬೇಯಿಸಿದ ಮೊಟ್ಟೆಯ ಪುಡಿಯನ್ನು ಚೂರು ಚೂರೇ ಕೊಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವರ್ಷ ತುಂಬುವಾಗ ಮೊಟ್ಟೆ ತಿಂದವರಲ್ಲಿ ನೂರಕ್ಕೆ 8 ಮಕ್ಕಳಿಗೆ ಮೊಟ್ಟೆ ಅಲರ್ಜಿ ಇತ್ತು, ತಿನ್ನದವರಲ್ಲಿ ನೂರಕ್ಕೆ 38 ಮಕ್ಕಳಿಗೆ. ನನಗೆ ಇದಕ್ಕಿಂತ ಆಶ್ಚರ್ಯವಾದದ್ದು ಅವರು ಕೊಟ್ಟ ಪ್ರಮಾಣ. ಮೊದಲ ಮೂರು ತಿಂಗಳು ದಿನಕ್ಕೆ ಕೊಟ್ಟದ್ದು ಬೆಂದ ಮೊಟ್ಟೆಯ ಲೆಕ್ಕದಲ್ಲಿ ಸುಮಾರು 0.2 ಗ್ರಾಂ, ಅಂದರೆ ಚಮಚದ ತುದಿಗೆ ಅಂಟಿಕೊಳ್ಳುವಷ್ಟು. ಜೊತೆಗೆ ಆ ಮಕ್ಕಳ ಚರ್ಮದ ತೊಂದರೆಗೂ ಬಿಡದೆ ಚಿಕಿತ್ಸೆ ನಡೆಯುತ್ತಿತ್ತು. ಆ ಮಾತಿಗೆ ಮುಂದೆ ಬರುತ್ತೇನೆ.

"ಬೇಯಿಸಿದ" ಅನ್ನುವ ಪದ ಮುಖ್ಯ. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಹಸಿ ಮೊಟ್ಟೆಯ ಪುಡಿ ಕೊಟ್ಟಾಗ, ಎಕ್ಸಿಮಾ ಇದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಲರ್ಜಿಯ ಲಕ್ಷಣ ಕಾಣಿಸಿಕೊಂಡಿತು. ಬಿಳಿಭಾಗದಲ್ಲಿ ಹೆಚ್ಚು ಪ್ರಮಾಣದಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನು ಚೆನ್ನಾಗಿ ಕಾಯಿಸಿದರೆ ತನ್ನ ರೂಪ ಕಳೆದುಕೊಂಡು ಪಳಗುತ್ತದೆ. ಓವೊಮ್ಯೂಕಾಯ್ಡ್ ಎಂಬ ಇನ್ನೊಂದು ಮಾತ್ರ ಬಿಸಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಗಟ್ಟಿ ಬೇಯಿಸಿದ ಮೊಟ್ಟೆ ಹಸಿಯದಕ್ಕಿಂತ ಸೌಮ್ಯ, ಆದರೆ ಪೂರ್ತಿ ನಿರಪಾಯವಲ್ಲ. ಕಾಲು ಚಮಚದಿಂದ ಶುರು ಮಾಡುವುದು ಅದಕ್ಕೇ.

ಯಾವಾಗ, ಯಾರಿಗೆ

ವಯಸ್ಸು ಸುಮಾರು ಆರು ತಿಂಗಳು. ನಾಲ್ಕು ತಿಂಗಳಿಗೆ ಮೊದಲು ಖಂಡಿತ ಬೇಡ. ಕ್ಯಾಲೆಂಡರಿಗಿಂತ ಮಗುವನ್ನು ನೋಡಿ: ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಚಮಚ ಬಾಯಿಗಿಟ್ಟರೆ ನಾಲಿಗೆಯಿಂದ ಹೊರಗೆ ದೂಡದೆ ನುಂಗಲು ಬರಬೇಕು. ಮೊಟ್ಟೆಯೇ ಮೊದಲ ತುತ್ತಾಗುವುದು ಬೇಡ. ತರಕಾರಿಯದೋ ಧಾನ್ಯದ್ದೋ ನುಣ್ಣಗಿನ ಊಟ ಒಂದೆರಡು ವಾರ ನಡೆದಿದ್ದರೆ ಮಗುವಿಗೆ ನುಂಗುವುದು ರೂಢಿಯಾಗಿರುತ್ತದೆ. ನಮಗೂ ಮಗುವಿನ ಮಾಮೂಲಿ ಮುಖ, ಮಾಮೂಲಿ ಮಲ ಹೇಗಿರುತ್ತದೆ ಎಂದು ಗೊತ್ತಾಗಿರುತ್ತದೆ.

ಹೆಚ್ಚಿನ ಮಕ್ಕಳಿಗೆ ಮನೆಯಲ್ಲೇ ಶುರು ಮಾಡಬಹುದು, ಮುಂಚೆ ರಕ್ತಪರೀಕ್ಷೆ ಬೇಕಿಲ್ಲ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೂ ಎಷ್ಟೋ ಮಕ್ಕಳು ಮೊಟ್ಟೆಯನ್ನು ಯಾವ ತೊಂದರೆಯಿಲ್ಲದೆ ತಿನ್ನುತ್ತಾರೆ. ಸುಮ್ಮನೆ ಪರೀಕ್ಷೆ ಮಾಡಿಸಿ, ಹೆದರಿ, ಮೊಟ್ಟೆ ನಿಲ್ಲಿಸಿ ಕೂತರೆ ನಷ್ಟ ಮಗುವಿಗೇ. ಆದರೆ ಎರಡು ಸಂದರ್ಭಗಳಲ್ಲಿ ಮೊದಲು ಡಾಕ್ಟರನ್ನು ಕೇಳಲೇಬೇಕು. ಮಗುವಿಗೆ ಕ್ರೀಮು ಹಚ್ಚಿದರೂ ಹತೋಟಿಗೆ ಬಾರದ ತೀವ್ರ ಎಕ್ಸಿಮಾ ಇದ್ದರೆ. ಅಥವಾ ಬೇರೆ ಯಾವುದಾದರೂ ಆಹಾರಕ್ಕೆ ಈಗಾಗಲೇ ಅಲರ್ಜಿ ಆಗಿದ್ದರೆ. ಅಂಥ ಮಕ್ಕಳಿಗೆ ಮೊದಲ ತುತ್ತನ್ನು ಕೆಲವೊಮ್ಮೆ ಆಸ್ಪತ್ರೆಯಲ್ಲೇ ಕೊಟ್ಟು ನೋಡುತ್ತಾರೆ.

ಅಣ್ಣನಿಗೋ ಅಪ್ಪನಿಗೋ ಅಲರ್ಜಿ ಇದೆ ಅನ್ನುವುದೊಂದೇ ತಡ ಮಾಡಲು ಕಾರಣವಲ್ಲ. ನನಗಂತೂ ಅಳುಕಿತ್ತು, ಅದಕ್ಕೆ ಕೇಳಿಯೇ ಶುರು ಮಾಡಿದೆ. ಮಗಳಿಗೆ ಕೆನ್ನೆ ಮೇಲೆ, ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಎಕ್ಸಿಮಾ ಇತ್ತು. ಎರಡು ವಾರ ಬಿಡದೆ ಕ್ರೀಮು ಹಚ್ಚಿ ಚರ್ಮ ನುಣುಪಾದ ಮೇಲೆ ಮೊಟ್ಟೆ ಕೊಡಿ ಎಂದರು. ಜಪಾನಿನ ಅಧ್ಯಯನದ ಮಾತು ಇಲ್ಲಿಗೆ ಬರುತ್ತದೆ. ಒಡೆದ, ಒಣಗಿದ ಚರ್ಮದ ಮೂಲಕ ಮೊಟ್ಟೆಯ ಅಂಶ ಒಳಹೊಕ್ಕರೆ ದೇಹ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳುವ ಸಂಭವ ಹೆಚ್ಚು; ಬಾಯಿಯ ಮೂಲಕ, ಹೊಟ್ಟೆಯ ಮೂಲಕ ಬಂದರೆ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಮೊದಲು ಕೆನ್ನೆಗೆ ಸವರಿ ನೋಡೋಣ ಅನ್ನುವ ಪರೀಕ್ಷೆ ಬೇಡವೇ ಬೇಡ. ಮೊಟ್ಟೆ ಮುಟ್ಟಿದ ಕೈಯಲ್ಲಿ ಮಗುವಿಗೆ ಕ್ರೀಮು ಹಚ್ಚುವುದೂ ಬೇಡ. ಸೋಪು ಹಾಕಿ ತೊಳೆದುಕೊಂಡೇ ಹಚ್ಚಿ.

ಬೇಯಿಸುವುದು

ಒಡಕು, ಬಿರುಕು ಇಲ್ಲದ ಮೊಟ್ಟೆ ಆರಿಸಿ. ನೀರು ಕುದಿಯಲು ಶುರುವಾದ ಮೇಲೆ ಮೊಟ್ಟೆಯನ್ನು ಸೌಟಿನಿಂದ ಮೆಲ್ಲಗೆ ಇಳಿಸಿ, ಉರಿ ತಗ್ಗಿಸಿ, ಗಡಿಯಾರ ನೋಡಿ 12 ನಿಮಿಷ ಬೇಯಿಸಿ. ಆಮೇಲೆ ತಣ್ಣೀರಿಗೆ ಹಾಕಿ. ಸುಲಿದು ಉದ್ದಕ್ಕೆ ಎರಡು ಹೋಳು ಮಾಡಿ ನಡುವೆ ನೋಡಿ: ಹಳದಿ ಅಂಚಿನಿಂದ ಅಂಚಿಗೆ ತಿಳಿಬಣ್ಣವಾಗಿ, ಪುಡಿಪುಡಿಯಾಗಿ ಇರಬೇಕು. ಮಧ್ಯದಲ್ಲಿ ಗಾಢ ಬಣ್ಣದ, ಹೊಳೆಯುವ, ಬೆರಳಿಗೆ ಅಂಟುವ ಚುಕ್ಕೆ ಇದ್ದರೆ ಬೆಂದಿಲ್ಲ. ಅದನ್ನು ನೀವು ತಿನ್ನಿ, ಮಗುವಿಗೆ ಇನ್ನೊಂದು ಬೇಯಿಸಿ. ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಗಾಬರಿ ಬೇಡ. ಹೆಚ್ಚು ಬೆಂದಾಗ ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಬರುವ ಬಣ್ಣ ಅದು, ಕೆಟ್ಟದ್ದೇನಲ್ಲ.

ಗಟ್ಟಿ ಬೇಯಿಸುವುದಕ್ಕೆ ಅಲರ್ಜಿಯಲ್ಲದೆ ಇನ್ನೊಂದು ಕಾರಣ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ದೊಡ್ಡವರಿಗೆ ಕೆಲವು ದಿನದ ಹೊಟ್ಟೆನೋವು ತರುವ ಸೋಂಕು ಕೂಸುಗಳಿಗೆ ಬಹಳ ಅಪಾಯ ತರಬಹುದು. ಆದ್ದರಿಂದ ಅರೆಬೆಂದ ಮೊಟ್ಟೆ, ಮೆತ್ತಗಿನ ಬುರ್ಜಿ, ಹಸಿ ಮೊಟ್ಟೆಯ ಮೇಯನೇಸ್, ಕೇಕಿನ ಹಸಿ ಹಿಟ್ಟು ಯಾವುದೂ ಬೇಡ.

ಇನ್ನು ಕಲಸುವುದು. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೆ. ಬೆಂದ ಬಿಳಿ ರಬ್ಬರಿನಂತೆ, ಚಮಚದ ಬೆನ್ನಿನಿಂದ ಒತ್ತಿದರೆ ಜಾರುತ್ತದೆ. ಹಳದಿಯಾದರೋ ಹಿಟ್ಟಿನಂತೆ ಒಣ. ಹಾಗೇ ಕೊಟ್ಟರೆ ಅಂಗುಳಕ್ಕೆ ಮೆತ್ತಿಕೊಂಡು ಮಗು ಕೆಮ್ಮುತ್ತದೆ. ಅವಸರದಲ್ಲಿ ಕಲಸಿದರೆ ಚಮಚಕ್ಕೆ ಬರುವುದು ಬರೀ ಹಳದಿ, ಬಿಳಿಯ ಚೂರುಗಳು ಬಟ್ಟಲಲ್ಲೇ ಉಳಿಯುತ್ತವೆ. ಆಗ ನೀವು ಇಡೀ ಮೊಟ್ಟೆ ಕೊಟ್ಟೆ ಅಂದುಕೊಳ್ಳುತ್ತೀರಿ, ಮಗು ತಿಂದದ್ದು ಹಳದಿ ಮಾತ್ರ.

ಹಾಗಾಗಿ ಅರ್ಧ ಮೊಟ್ಟೆಯನ್ನು, ಬಿಳಿ ಹಳದಿ ಎರಡೂ ಸೇರಿಸಿ, ಸಣ್ಣ ಕಣ್ಣಿನ ಸ್ಟೀಲ್ ಜರಡಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ. ಹಳದಿ ಪುಡಿಯಾಗಿ ಕೂಡಲೇ ಇಳಿಯುತ್ತದೆ. ಬಿಳಿ ಮೇಲೇ ನಿಂತು ಸತಾಯಿಸುತ್ತದೆ; ಬಿಡದೆ ತಿಕ್ಕಿದರೆ ಸಣ್ಣ ಎಳೆಗಳಾಗಿ ಜರಡಿಯ ತಳಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ಕೆರೆದು ತೆಗೆಯಿರಿ. ಎರಡನ್ನೂ ಚೆನ್ನಾಗಿ ಬೆರೆಸಿ. ಮೊಟ್ಟೆಯಲ್ಲಿ ಬಿಳಿಯ ತೂಕ ಹಳದಿಯ ಸುಮಾರು ಎರಡರಷ್ಟು, ಆದ್ದರಿಂದ ಬೆರೆತ ಮುದ್ದೆ ಗಾಢ ಹಳದಿಯಾಗಿ ಕಾಣಬಾರದು, ಕೆನೆಬಣ್ಣಕ್ಕೆ ತಿರುಗಿರಬೇಕು. ಕಾಲು ಚಮಚವೇ ಬೇಕಿದ್ದರೂ ಅರ್ಧ ಮೊಟ್ಟೆಯನ್ನೇ ಕಲಸಿ, ಉಳಿದದ್ದನ್ನು ಮನೆಯವರು ತಿನ್ನಲಿ. ಚಿಕ್ಕ ಚೂರು ತೆಗೆದು ಕಲಸಿದರೆ ಅಳತೆ ತಪ್ಪುತ್ತದೆ.

ಈಗ ಅಳತೆ. ಚಮಚ ಅಂದರೆ 5 ಮಿಲಿಲೀಟರಿನ ಟೀ ಚಮಚ. ಔಷಧಿಯ ಜೊತೆ ಬರುವ ಅಳತೆ ಚಮಚ ಇದ್ದರೆ ಒಳ್ಳೆಯದು. ಮೊದಲು ಮೊಟ್ಟೆಯನ್ನು ಅಳೆದುಕೊಳ್ಳಿ, ಆಮೇಲೆ ತೆಳ್ಳಗೆ ಮಾಡಿ. ಕಾಲು ಚಮಚ ಮೊಟ್ಟೆಗೆ ಒಂದೆರಡು ಚಮಚ ಎದೆಹಾಲೋ, ಫಾರ್ಮುಲಾ ಹಾಲೋ, ಮಗು ಈಗಾಗಲೇ ತಿನ್ನುತ್ತಿರುವ ನುಣ್ಣಗಿನ ತರಕಾರಿಯೋ ಸೇರಿಸಿ, ಚಮಚ ವಾಲಿಸಿದರೆ ನಿಧಾನಕ್ಕೆ ಜಾರುವ ಹದಕ್ಕೆ ತನ್ನಿ. ಉಪ್ಪು ಬೇಡ. ಬಟ್ಟಲು ತುಂಬ ಊಟದಲ್ಲಿ ಮೊಟ್ಟೆಯನ್ನು ಕಲಸಿಬಿಡಬೇಡಿ. ಮಗು ಅರ್ಧಕ್ಕೆ ಬಾಯಿ ಮುಚ್ಚಿದರೆ ಎಷ್ಟು ಮೊಟ್ಟೆ ಹೋಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೊಟ್ಟೆಯೆಲ್ಲ ಮೊದಲ ಎರಡು ಮೂರು ತುತ್ತುಗಳಲ್ಲೇ ಮುಗಿಯಬೇಕು.

ಮೊದಲ ದಿನ

ಮಗು ಆರೋಗ್ಯವಾಗಿರುವ ದಿನ ಆರಿಸಿಕೊಳ್ಳಿ. ನೆಗಡಿ, ಭೇದಿ, ಜ್ವರ ಇದ್ದಾಗ ಬೇಡ, ಲಸಿಕೆ ಹಾಕಿಸಿದ ದಿನವೂ ಬೇಡ. ಇಲ್ಲದಿದ್ದರೆ ಮಗು ಕಿರಿಕಿರಿ ಮಾಡಿದ್ದು ಮೊಟ್ಟೆಯಿಂದಲೋ ಸೂಜಿಯಿಂದಲೋ ತಿಳಿಯುವುದಿಲ್ಲ. ಆ ದಿನ ಬೇರೆ ಯಾವ ಹೊಸ ಆಹಾರವೂ ಇರಬಾರದು. ಬೆಳಗಿನ ಹೊತ್ತು ಒಳ್ಳೆಯದು; ನಂತರದ ಎರಡು ಗಂಟೆ ಮಗು ಎಚ್ಚರವಾಗಿ ನಿಮ್ಮ ಕಣ್ಣೆದುರೇ ಇರಬೇಕು, ಅದರ ಮುಂದಿನ ಎರಡು ಗಂಟೆಯೂ ನೀವು ಮನೆಯಲ್ಲೇ ಇರಬೇಕು. ರಾತ್ರಿ ಮಲಗುವ ಮುಂಚೆ, ಪ್ರಯಾಣಕ್ಕೆ ಹೊರಡುವ ಮುಂಚೆ ಕೊಡಬಾರದು. ತುರ್ತು ವಾಹನದ ನಂಬರ್ ಫೋನಿನಲ್ಲಿರಲಿ.

ಮಗಳ ಮೊದಲ ದಿನ ಹೀಗಿತ್ತು. ಆಗ ಅವಳಿಗೆ ಆರೂವರೆ ತಿಂಗಳು. ಬೆಳಗ್ಗೆ ಹತ್ತು ಗಂಟೆ, ಅರ್ಧ ಹೊಟ್ಟೆ ಹಾಲು ಕುಡಿದಿದ್ದಳು. ತುಂಬ ಹಸಿದ ಮಗು ಹೊಸ ರುಚಿ ಕಂಡರೆ ಸಿಟ್ಟಾಗುತ್ತದೆ, ಹೊಟ್ಟೆ ತುಂಬಿದ ಮಗು ಬಾಯಿಯೇ ತೆರೆಯುವುದಿಲ್ಲ. ಮುಖ ಒರೆಸಿ, ಬಾಯಿಯ ಸುತ್ತ ಗಲ್ಲದವರೆಗೆ ವ್ಯಾಸಲೀನ್ ತೆಳ್ಳಗೆ ಸವರಿದೆ. ಜೊಲ್ಲು ಸೇರಿ ಒದ್ದೆಯಾದ ಆಹಾರ ಚರ್ಮಕ್ಕೆ ತಗುಲಿ ಕೆಂಪಾಗುವುದನ್ನು ಅದು ತಡೆಯುತ್ತದೆ. ಅಂಗಿ ಬಿಚ್ಚಿ, ಮುಖದ್ದೂ ಹೊಟ್ಟೆಯದ್ದೂ ಒಂದೊಂದು ಫೋಟೋ ತೆಗೆದುಕೊಂಡೆ. ಇದು ಅತಿ ಅನ್ನಿಸಬಹುದು, ಆದರೆ ಅರ್ಧ ಗಂಟೆಯ ನಂತರ "ಈ ಕೆಂಪು ಮೊದಲೇ ಇತ್ತಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮೊದಲು ಚಮಚದ ತುದಿಗೆ ಅಂಟಿದಷ್ಟನ್ನು ಕೆಳತುಟಿಯ ಒಳಗೆ ಇಟ್ಟೆ. ಮುಖ ಕಿವುಚಿದಳು, ಚಪ್ಪರಿಸಿದಳು. ಹದಿನೈದು ನಿಮಿಷ ಆಟವಾಡಿಸಿದೆ. ತುಟಿ ಊದಲಿಲ್ಲ, ಗಂಧೆ ಏಳಲಿಲ್ಲ. ಆಮೇಲೆ ಉಳಿದ ಕಾಲು ಚಮಚವನ್ನು ಎರಡು ತುತ್ತಾಗಿ ಕೊಟ್ಟು ನಿಲ್ಲಿಸಿದೆ. ಎರಡನೇ ತುತ್ತಿಗೆ ತಾನೇ ಬಾಯಿ ತೆರೆದಳು. ಇಷ್ಟಪಟ್ಟಳೆಂದು ಇನ್ನೊಂದು ಚಮಚ ಕೊಡುವ ಆಸೆ ಆಗ ಯಾರಿಗಾದರೂ ಬರುತ್ತದೆ. ಕೊಡಬೇಡಿ. ಮುಖ, ಕೈ ತೊಳೆಸಿ, ನಾನೂ ಕೈ ತೊಳೆದುಕೊಂಡೆ. ಚಮಚವನ್ನೂ ಜರಡಿಯನ್ನೂ ಕೂಡಲೇ ತೊಳೆದಿಟ್ಟೆ, ಅಣ್ಣನ ಊಟಕ್ಕೆ ತಗುಲಬಾರದಲ್ಲ.

ಅಳತೆ ಏರಿಸುವ ಬಗೆ

ಏನೂ ಆಗದಿದ್ದರೆ ಮಾರನೇ ದಿನ ಅರ್ಧ ಚಮಚ. ಅದರ ಮುಂದಿನ ಸಲ ಒಂದು ಚಮಚ, ಆಮೇಲೆ ಎರಡು, ಆಮೇಲೆ ಮೂರು. ಮೂರು ಚಮಚವೆಂದರೆ ಹೆಚ್ಚುಕಡಿಮೆ ಮೂರನೇ ಒಂದು ಮೊಟ್ಟೆ. ಅಷ್ಟು ತಿಂದು ಸುಮ್ಮನಿದ್ದರೆ ಅರ್ಧ ಮೊಟ್ಟೆಗೆ ಹೋಗಬಹುದು. ದಿನವೂ ಕೊಡಬಹುದು, ದಿನ ಬಿಟ್ಟು ದಿನವೂ ಕೊಡಬಹುದು. ನಡುವೆ ಮೂರು ದಿನಕ್ಕಿಂತ ಹೆಚ್ಚು ಅಂತರ ಬೀಳದಂತೆ ನೋಡಿಕೊಂಡರೆ ಸಾಕು. ಮಗು ಉಗುಳಿದರೆ, ಮುಖ ತಿರುಗಿಸಿದರೆ ಬಲವಂತ ಮಾಡಬೇಡಿ. ಅಂದು ಅಲ್ಲಿಗೇ ಬಿಟ್ಟು, ಮುಂದಿನ ಸಲ ಅದೇ ಅಳತೆಯನ್ನು ಮತ್ತೆ ಕೊಡಿ. ಉಗುಳಿದ್ದು ಲೆಕ್ಕಕ್ಕಿಲ್ಲ, ಮೆಟ್ಟಿಲು ಏರುವಂತಿಲ್ಲ.

ನಮ್ಮ ಲೆಕ್ಕ ಸರಾಗವಾಗಿ ಸಾಗಲಿಲ್ಲ. ಎರಡನೇ ದಿನ ಅರ್ಧ ಚಮಚ ತಿಂದಳು. ಮೂರನೇ ದಿನ ರಜೆ. ನಾಲ್ಕನೇ ದಿನ ಒಂದು ಚಮಚ ಕೊಡಲು ಹೋದರೆ ಅರ್ಧಕ್ಕರ್ಧ ಬಿಬ್ಬಿನ ಮೇಲೆ ಬಿತ್ತು. ಐದನೇ ದಿನ ಅದೇ ಒಂದು ಚಮಚವನ್ನು ಬೇಯಿಸಿ ನುರಿದ ಆಲೂಗಡ್ಡೆಯಲ್ಲಿ ಕಲಸಿ ಕೊಟ್ಟೆ, ಪೂರ್ತಿ ತಿಂದಳು. ಆದರೆ ಅಂದು ವ್ಯಾಸಲೀನ್ ಸವರಲು ಮರೆತಿದ್ದೆ. ಹತ್ತು ನಿಮಿಷಕ್ಕೆ ಗಲ್ಲದ ಮೇಲೆ ಕೆಂಪು ಮೂಡಿತು.

ನನ್ನ ಎದೆ ಧಸಕ್ಕೆಂದಿತು. ಅಣ್ಣನ ಗಂಧೆ ಕಣ್ಣ ಮುಂದೆ ಬಂತು. ಮುಖ ತೊಳೆಸಿ, ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಇದ್ದದ್ದು ಆಹಾರ ಮೆತ್ತಿದ್ದ ಜಾಗದಲ್ಲಿ ಮಾತ್ರ. ಬೆರಳಾಡಿಸಿದರೆ ಸಪಾಟಾಗಿತ್ತು, ಉಬ್ಬು ಸಿಗಲಿಲ್ಲ. ಹೊಟ್ಟೆ, ಬೆನ್ನು, ಕಿವಿಯ ಹಿಂದೆ ಏನೂ ಇಲ್ಲ. ಅವಳೂ ನಗುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ಮಾಯವಾಯಿತು. ಫೋಟೋ ಕಳಿಸಿ ಡಾಕ್ಟರಿಗೆ ಫೋನು ಮಾಡಿದೆ. ಇದು ತಗುಲಿದ್ದರಿಂದ ಆದ ಉರಿ, ವ್ಯಾಸಲೀನ್ ಹಚ್ಚಿ ಅಷ್ಟೇ ಅಳತೆಯನ್ನು ಇನ್ನೊಮ್ಮೆ ಕೊಡಿ ಎಂದರು. ಏಳನೇ ದಿನ ಹಾಗೇ ಮಾಡಿದೆ, ಏನೂ ಆಗಲಿಲ್ಲ. ಒಂಬತ್ತನೇ ದಿನ ಎರಡು ಚಮಚ, ಹನ್ನೊಂದನೇ ದಿನ ಮೂರು, ಎರಡು ವಾರ ತುಂಬುವ ಹೊತ್ತಿಗೆ ಅರ್ಧ ಮೊಟ್ಟೆ.

ಯಾವುದು ಅಲರ್ಜಿ, ಆಗ ಏನು ಮಾಡಬೇಕು

ನಿಜವಾದ ಗಂಧೆ ಉಬ್ಬಿರುತ್ತದೆ, ಅಂಚು ಎದ್ದು ಕಾಣುತ್ತದೆ, ತುರಿಸುತ್ತದೆ, ಆಹಾರ ತಗುಲದ ಜಾಗದಲ್ಲೂ ಏಳುತ್ತದೆ. ಜೊತೆಗೆ ತುಟಿ, ಕಣ್ಣು, ಮುಖ ಊದಿಕೊಳ್ಳಬಹುದು, ಮಗು ವಾಂತಿ ಮಾಡಬಹುದು. ಸಾಮಾನ್ಯವಾಗಿ ಇವೆಲ್ಲ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಮೊದಲ ಸಲ ಸುಮ್ಮನಿದ್ದ ಮಗುವಿಗೆ ಎರಡನೇ ಮೂರನೇ ಸಲ ಬರುವುದೂ ಉಂಟು, ಅದಕ್ಕೇ ಪ್ರತಿ ಮೆಟ್ಟಿಲಿನಲ್ಲೂ ಕಣ್ಣಿಟ್ಟಿರಬೇಕು. ಗಂಧೆಯೋ ಊತವೋ ಮಾತ್ರ ಇದ್ದು ಮಗು ಆರಾಮಾಗಿ ಉಸಿರಾಡುತ್ತಿದ್ದರೆ ಮೊಟ್ಟೆ ನಿಲ್ಲಿಸಿ, ಮುಖ ತೊಳೆಸಿ, ಫೋಟೋ ತೆಗೆದು, ಎಷ್ಟು ಕೊಟ್ಟಿರಿ, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆದಿಟ್ಟುಕೊಂಡು ಡಾಕ್ಟರಿಗೆ ಫೋನು ಮಾಡಿ. ಅವರು ಹೇಳುವವರೆಗೆ ಮೊಟ್ಟೆ ಬೇಡ. ದೊಡ್ಡವರ ಅಲರ್ಜಿ ಮಾತ್ರೆಯನ್ನು ಮುರಿದು ಕೊಡುವ ಸಾಹಸವೂ ಬೇಡ.

ತಡೆಯದ ಕೆಮ್ಮು, ಉಸಿರಾಡುವಾಗ ಸುಂಯ್ ಎಂಬ ಸದ್ದು, ಅಳು ಗೊಗ್ಗರಾಗುವುದು, ನಾಲಿಗೆ ಊದುವುದು, ಮೈ ಬಿಳಿಚಿ ಕೈಕಾಲು ಜೋತುಬೀಳುವುದು: ಇವುಗಳಲ್ಲಿ ಒಂದು ಕಂಡರೂ ಅದು ತುರ್ತು. ಕೂಡಲೇ ತುರ್ತು ವಾಹನ ಕರೆಯಿರಿ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್; ಡಾಕ್ಟರು ಮೊದಲೇ ಬರೆದುಕೊಟ್ಟು ಮನೆಯಲ್ಲಿದ್ದರೆ ತಡ ಮಾಡದೆ ಚುಚ್ಚಿ. ಮಗುವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಾಡಬೇಡಿ, ರಕ್ತದೊತ್ತಡ ಕುಸಿದಿರುವಾಗ ಅದು ಅಪಾಯ. ತೋಳಿನ ಮೇಲೆ ಅಡ್ಡಲಾಗಿ ಮಲಗಿಸಿಕೊಂಡೇ ಇರಿ. ವಾಂತಿ ಮಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ.

ಇನ್ನೊಂದು ಬಗೆ ಇದೆ, ಅದನ್ನು ಜನ ಗುರುತಿಸುವುದು ಕಡಿಮೆ. ಚರ್ಮದ ಮೇಲೆ ಏನೂ ಇರುವುದಿಲ್ಲ. ತಿಂದು ಒಂದರಿಂದ ನಾಲ್ಕು ಗಂಟೆಯ ನಂತರ ಮಗು ಇದ್ದಕ್ಕಿದ್ದಂತೆ ಮತ್ತೆ ಮತ್ತೆ ವಾಂತಿ ಮಾಡುತ್ತದೆ, ಬಿಳಿಚುತ್ತದೆ, ಎಬ್ಬಿಸಿದರೂ ಏಳದಷ್ಟು ಮಂಕಾಗುತ್ತದೆ. ಹೊಟ್ಟೆ ಕೆಟ್ಟಿದೆ ಎಂದುಕೊಂಡು ಗುಣವಾದ ಮೇಲೆ ಮತ್ತೆ ಮೊಟ್ಟೆ ಕೊಡುತ್ತಾರೆ, ಮತ್ತೆ ಅದೇ ಆಗುತ್ತದೆ. ಇದು ಕರುಳಿನ ಕಡೆಯಿಂದ ಬರುವ ಅಲರ್ಜಿ, ಇದಕ್ಕೆ ಕಾರಣವಾಗುವ ಆಹಾರಗಳಲ್ಲಿ ಮೊಟ್ಟೆಯೂ ಒಂದು. ವಾಂತಿಯಿಂದ ನೀರಿನಂಶ ಬೇಗ ಇಳಿಯುವುದರಿಂದ ಆಸ್ಪತ್ರೆಗೇ ಹೋಗಬೇಕು. ಬೆಳಗ್ಗೆ ಕೊಡಿ, ನಾಲ್ಕು ಗಂಟೆ ಮನೆಯಲ್ಲಿರಿ ಎಂದದ್ದು ಇದಕ್ಕಾಗಿ.

ಮರುದಿನ ಎಕ್ಸಿಮಾ ಸ್ವಲ್ಪ ಕೆರಳಿದರೆ ಮೊಟ್ಟೆಯ ಮೇಲೆ ತಪ್ಪು ಹೊರಿಸಿ ನಿಲ್ಲಿಸಿಬಿಡಬೇಡಿ. ಎಕ್ಸಿಮಾ ತನ್ನ ಪಾಡಿಗೆ ತಾನು ಏರಿಳಿಯುತ್ತಿರುತ್ತದೆ. ಕ್ರೀಮು ಮುಂದುವರಿಸಿ, ಪ್ರತಿ ಸಲ ಮೊಟ್ಟೆಯ ನಂತರವೇ ಕೆರಳುತ್ತಿದೆ ಅನ್ನಿಸಿದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

ಒಪ್ಪಿದ ಮೇಲೆ

ಅರ್ಧ ಮೊಟ್ಟೆ ಅರಗಿತು, ಪರೀಕ್ಷೆ ಮುಗಿಯಿತು ಎಂದು ಮೊಟ್ಟೆಯನ್ನು ಮರೆತುಬಿಡುವವರು ಬಹಳ. ಒಪ್ಪಿಗೆ ಉಳಿಯಬೇಕಾದರೆ ದೇಹಕ್ಕೆ ಪರಿಚಯ ಹಳತಾಗಬಾರದು. ವಾರಕ್ಕೆ ಎರಡು ಸಲವಾದರೂ, ಒಟ್ಟು ಒಂದು ಮೊಟ್ಟೆಯಷ್ಟಾದರೂ ಹೊಟ್ಟೆಗೆ ಹೋಗುತ್ತಿರಲಿ. ನಾವು ಎರಡು ದಿನ ಗೊತ್ತು ಮಾಡಿಕೊಂಡು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದೆವು. ಕಾಯಿಲೆಯಿಂದ ಒಂದು ವಾರ ತಪ್ಪಿದರೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ತಪ್ಪಿದ್ದರೆ ನಾನಾದರೆ ಮತ್ತೆ ಒಂದು ಚಮಚದಿಂದ ಏರುತ್ತೇನೆ.

ಸುಲಿದ ಮೊಟ್ಟೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನ ಮುಗಿಸಿ. ಮಗುವಿನ ಬಾಯಿಗೆ ಹೋದ ಚಮಚ ಮುಳುಗಿಸಿದ ಬಟ್ಟಲಿನದನ್ನು ಅಂದೇ ಚೆಲ್ಲಿ. ಫ್ರೀಜರಿಗಂತೂ ಹಾಕಬೇಡಿ, ಬಿಳಿ ನೀರು ಬಿಟ್ಟು ನಾರಾಗುತ್ತದೆ.

ಕೇಕು ಬಿಸ್ಕತ್ತಿನಲ್ಲಿ ಮೊಟ್ಟೆ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹಿಟ್ಟಿನ ಜೊತೆ ಬಹಳ ಹೊತ್ತು ಬೆಂದ ಮೊಟ್ಟೆಯ ಪ್ರೋಟೀನು ಇನ್ನೂ ಹೆಚ್ಚು ಪಳಗಿರುತ್ತದೆ. ಕೇಕು ಅರಗಿಸಿಕೊಂಡ ಮಗುವಿಗೆ ಬೇಯಿಸಿದ ಮೊಟ್ಟೆ ಒಗ್ಗದಿರಬಹುದು. ಮೊಟ್ಟೆಯಿಂದ ಕಬ್ಬಿಣದಂಶ ಸಿಗುತ್ತದೆ ಎಂದೂ ನೆಚ್ಚಿಕೊಳ್ಳಬೇಡಿ. ಹಳದಿಯಲ್ಲಿ ಕಬ್ಬಿಣ ಇದೆ, ಆದರೆ ಅಲ್ಲೇ ಇರುವ ಒಂದು ಪ್ರೋಟೀನು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಗುವಿನ ಮೈಗೆ ಸೇರುವುದು ಕಡಿಮೆ. ಅದಕ್ಕೆ ಬೇರೆ ಆಹಾರವೇ ಬೇಕು.

ಒಂಬತ್ತು ತಿಂಗಳ ಹೊತ್ತಿಗೆ, ಮಗು ಬೆರಳಿನಲ್ಲಿ ಹಿಡಿದು ತಿನ್ನಲು ಕಲಿತಾಗ, ತೆಳ್ಳಗೆ ಹರಡಿ ಎರಡೂ ಬದಿ ಪೂರ್ತಿ ಬೇಯಿಸಿದ ಆಮ್ಲೆಟ್ಟನ್ನು ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ ಕೊಡಬಹುದು. ಬೆಂದ ಮೊಟ್ಟೆಯ ದುಂಡನೆಯ ಹೋಳು ಮಾತ್ರ ಬೇಡ, ಜಾರಿ ಗಂಟಲಿಗೆ ಕೂರಬಹುದು. ಮಗಳಿಗೆ ಈಗ ವರ್ಷ ಕಳೆದಿದೆ, ಆ ಪಟ್ಟಿಗಳೆಂದರೆ ಪ್ರಾಣ. ದೊಡ್ಡವನು ಡಾಕ್ಟರ ಉಸ್ತುವಾರಿಯಲ್ಲಿ ಸದ್ಯ ಕೇಕಿನಲ್ಲಿ ಬೆಂದ ಮೊಟ್ಟೆಯವರೆಗೆ ಬಂದಿದ್ದಾನೆ. ತಂಗಿ ತಿನ್ನುವಾಗ ಅವನ ತಟ್ಟೆ ಮೇಜಿನ ಇನ್ನೊಂದು ತುದಿಯಲ್ಲಿರುತ್ತದೆ.